ನಮ್ಮ ಒಂಟೆ, ಪಕ್ಕದ ಮನೆಯವರ ಆನೆ: ಚದುರಂಗದಲ್ಲಿ ಯಾರ ನಡೆ ಸರಿ?

ಕೋಥ್ರೂಡ್ ಸೊಸೆ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ನಮ್ಮ ಮನೆಯಲ್ಲಿ ಭಾನುವಾರ ನಡೆದ ಒಂದು ಜಗಳದಿಂದ ಈ ಪ್ರಶ್ನೆ ಹುಟ್ಟಿದೆ.

ಮಾವ ಧಾರವಾಡದಿಂದ ಬಂದಿದ್ದಾರೆ. ಮಗಳು ಆರನೇ ಕ್ಲಾಸು, ಶಾಲೆಯಲ್ಲಿ ಚೆಸ್ ಕಲಿಯುತ್ತಿದ್ದಾಳೆ. ಇಬ್ಬರೂ ಆಡಲು ಕೂತರು. ಅವಳ ಪ್ಯಾದೆ ಕೊನೆಯ ಸಾಲು ಮುಟ್ಟಿತು. ಅವಳು ಮಂತ್ರಿ ಇಟ್ಟಳು. ಮಾವ ತೆಗೆದು ಒಂಟೆ ಇಟ್ಟರು. "ಒಂಟೆ ಮನೆಗೆ ಬಂದದ್ದು ಒಂಟೆಯೇ ಆಗಬೇಕು" ಅಂದರು. ಪ್ಯಾದೆಯನ್ನು ಮೊದಲ ನಡೆಯಲ್ಲಿ ಎರಡು ಮನೆ ದಾಟಿಸುವುದನ್ನೂ ಅವರು ಒಪ್ಪಲಿಲ್ಲ. ಅವರ ರಾಜ ಒಮ್ಮೆ ಕುದುರೆಯ ಹಾಗೆ ಹಾರಿಕೊಂಡ. ಮಗಳು ಅಳುವುದೊಂದು ಬಾಕಿ.

ಸಮಾಧಾನ ಮಾಡಲು ಬಂದವರು ಪಕ್ಕದ ಮನೆಯ ಆಂಟಿ, ತ್ರಿಶೂರಿನವರು. ಅವರು ಒಂಟೆಯನ್ನು ಕೈಗೆ ತೆಗೆದುಕೊಂಡು "ಇದು ಆನೆ ಅಲ್ವಾ?" ಅಂದರು. ಅವರ ಊರಿನಲ್ಲಿ ರಾಜ-ಮಂತ್ರಿಯ ಪಕ್ಕ ನಿಲ್ಲುವುದು ಆನೆ, ಮೂಲೆಯಲ್ಲಿ ನಿಲ್ಲುವುದು ತೇರು. ನಮಗೆ ಮೂಲೆಯದು ಆನೆ. ಮರಾಠಿಯವರಿಗೂ ಅದು ಹತ್ತಿ, ಇದು ಉಂಟ್.

ಒಂದೇ ಆಟ, ಒಂದೇ ದೇಶ. ಇಷ್ಟು ವ್ಯತ್ಯಾಸ ಯಾಕೆ? ಯಾರದ್ದು ಮೂಲ?

ಠಾಣೆ ವಿಜಯಪುರದವ

ಅಕ್ಕ, ಇದು ಸುಲಭ. ಚದುರಂಗ ಮಹಾಭಾರತದ ಕಾಲದ್ದು. ಮೊದಲು ನಾಲ್ಕು ಜನ ದಾಳ ಹಾಕಿ ಆಡುತ್ತಿದ್ದರು. ಆಮೇಲೆ ಇಬ್ಬಿಬ್ಬರು ಸೇರಿ ಒಂದು ಪಕ್ಷವಾದರು, ಅದಕ್ಕೇ ಈಗ ಎರಡೆರಡು ಆನೆ, ಎರಡೆರಡು ಕುದುರೆ. ನಂತರ ಅರಬರು ಕೊಂಡುಹೋದರು, ಬ್ರಿಟಿಷರು ಬದಲಾಯಿಸಿ ವಾಪಸ್ ತಂದರು. ನಿಮ್ಮ ಮಾವನ ಆಟವೇ ಮೂಲ ಆಟ. ಮಗಳ ಆಟ ಬ್ರಿಟಿಷರದ್ದು.

ಮುಲುಂಡ್ ಅಕ್ಕ

ನಮ್ಮಲ್ಲೂ ಊರಿಗೊಂದು ನಿಯಮ ಮಾರಾಯ್ರೆ! ಅಮ್ಮ ಆಟಿ ತಿಂಗಳಲ್ಲಿ ಚೆನ್ನೆಮಣೆ ತೆಗೆಯುತ್ತಿದ್ದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ. ಕುಂದಾಪುರದ ಅತ್ತಿಗೆ ಬಂದರೆ ಲೆಕ್ಕವೇ ಬೇರೆ. ಅದರ ಮೂಲ ಎಲ್ಲಿಯದು ಅಂತ ಗೊತ್ತಿದ್ದರೆ ಹೇಳಿ. ಮಣೆ ಈಗಲೂ ಮುಲುಂಡಿನ ಮನೆಯಲ್ಲಿದೆ, ಬೀಜ ಮಾತ್ರ ನಾಲ್ಕೋ ಐದೋ ಕಳೆದಿವೆ.

ವಾಸ್ಕೊ ನಾವಿಕ

ಈ ಪ್ರಶ್ನೆಗೆ ಕಾಯುತ್ತಿದ್ದೆ ಅಂತಲೇ ಹೇಳಬೇಕು. ನಾನು ಮೂವತ್ತೊಂದು ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ಇದ್ದವನು, ಈಗ ಗೋವಾದಲ್ಲಿ ನಿವೃತ್ತ. ಯಾವ ಬಂದರಿಗೆ ಇಳಿದರೂ ಚಹಾದಂಗಡಿಯಲ್ಲಿ ಯಾರಾದರೂ ಚದುರಂಗ ಆಡುತ್ತಿದ್ದಾರಾ ಅಂತ ನೋಡುತ್ತಿದ್ದೆ. ಆಡಿ ಸೋತು ಕಲಿತದ್ದು ಜಾಸ್ತಿ. ಓದಿದ್ದು ಆಮೇಲೆ.

ಎಲ್ಲಾ ಕಾಯಿಗಳ ಕಥೆ ಹೇಳಿದರೆ ಇಲ್ಲಿ ಮುಗಿಯುವುದಿಲ್ಲ. ನಿಮ್ಮ ಆಂಟಿ ಕೈಗೆತ್ತಿಕೊಂಡ ಆ ಒಂದು ಕಾಯಿ ಸಾಕು.

ಆಂಟಿ ಹೇಳಿದ್ದು ಹಳೆಯ ಹೆಸರು. ಚತುರಂಗ ಅಂದರೆ ಸೈನ್ಯದ ನಾಲ್ಕು ಅಂಗ: ಆನೆ, ಕುದುರೆ, ರಥ, ಕಾಲಾಳು. ಈ ಆಟ ಪರ್ಷಿಯಾಕ್ಕೆ ಹೋದಾಗ ರಾಜನ ಪಕ್ಕದ ಕಾಯಿಗೆ ಅವರು "ಪೀಲ್" ಅಂದರು, ಅಂದರೆ ಆನೆ. ಅರಬ್ಬಿಯಲ್ಲಿ "ಪ" ಧ್ವನಿ ಇಲ್ಲ. ಅಲ್ಲಿ "ಫೀಲ್" ಆಯಿತು, "ಅಲ್" ಸೇರಿ "ಅಲ್‌ಫೀಲ್". ಸ್ಪೇನಿನಲ್ಲಿ ಇವತ್ತಿಗೂ ಆ ಕಾಯಿ "ಆಲ್ಫಿಲ್". ವಲೆನ್ಸಿಯಾದಲ್ಲಿ ನನ್ನ ಜೊತೆ ಆಡಿದ ಮುದುಕನಿಗೆ ಆ ಪದದ ಅರ್ಥ ಆನೆ ಅಂತ ಗೊತ್ತೇ ಇರಲಿಲ್ಲ. ನಾನು ಕೈಯಲ್ಲಿ ಸೊಂಡಿಲು ಮಾಡಿ ತೋರಿಸಿದೆ.

ಹೆಸರು ಉಳಿಯಿತು. ನಡೆ ಉಳಿಯಲಿಲ್ಲ. ಅರಬರ ಆಟದಲ್ಲಿ, ಅಂದರೆ ಶತ್ರಂಜ್‌ನಲ್ಲಿ, ಈ ಆನೆ ಓರೆಯಾಗಿ ಸರಿಯಾಗಿ ಎರಡನೇ ಮನೆಗೆ ಹಾರುತ್ತಿತ್ತು. ನಡುವಿನ ಮನೆಯಲ್ಲಿ ಯಾರಿದ್ದರೂ ದಾಟುತ್ತಿತ್ತು. ಒಂದು ಮನೆ ಹೋಗುವಂತಿಲ್ಲ, ಮೂರು ಮನೆ ಹೋಗುವಂತಿಲ್ಲ. ಎರಡೇ.

ಇದು ಎಷ್ಟು ದುರ್ಬಲ ಅಂತ ಗೊತ್ತಾಗಬೇಕಾದರೆ ಮಗಳ ಬೋರ್ಡ್ ತೆಗೆದುಕೊಳ್ಳಿ. ಬಿಳಿಯ ಒಂಟೆ ಎಫ್1ನಲ್ಲಿ ನಿಂತಿದೆ. ಅಲ್ಲಿಂದ ಎರಡೆರಡು ಮನೆ ಓರೆಗೆ ಹಾರಿಸುತ್ತಾ ಹೋಗಿ, ಮುಟ್ಟಿದ ಮನೆಗೆಲ್ಲ ಒಂದು ಕಡಲೆಕಾಳು ಇಡಿ. ಡಿ3, ಎಚ್3, ಬಿ5, ಎಫ್5... ಕೊನೆಗೆ ಎಣಿಸಿದರೆ ಹೊರಟ ಮನೆ ಸೇರಿ ಎಂಟೇ ಮನೆ. ಅರವತ್ತನಾಲ್ಕರಲ್ಲಿ ಎಂಟು. ಉಳಿದ ಐವತ್ತಾರು ಮನೆಗಳನ್ನು ಆ ಆನೆ ಜೀವಮಾನದಲ್ಲಿ ಮುಟ್ಟುವುದಿಲ್ಲ.

ಸಿ1ರ ಆನೆಗೂ ಎಂಟು ಮನೆ, ಆದರೆ ಬೇರೆ ಎಂಟು. ಕಪ್ಪಿನ ಎರಡು ಆನೆಗಳಿಗೂ ಹಾಗೆಯೇ. ನಾಲ್ಕು ಆನೆಗಳ ಮನೆಗಳು ಒಂದಕ್ಕೊಂದು ಎಲ್ಲಿಯೂ ತಾಕುವುದಿಲ್ಲ. ಅಂದರೆ ಆ ಆಟದಲ್ಲಿ ಆನೆ ಆನೆಯನ್ನು ಹೊಡೆಯುವುದು ಸಾಧ್ಯವೇ ಇಲ್ಲ. ಎದುರಾಳಿಯ ಆನೆ ಎಲ್ಲಿಗೆ ಬರಬಹುದು ಅಂತ ಮೊದಲ ನಡೆಗೆ ಮುಂಚೆಯೇ ಗೊತ್ತಿರುತ್ತಿತ್ತು.

ಮುಲುಂಡ್ ಅಕ್ಕ, ಗುಳಿ ಆಟದ ದಾರಿಯೇ ಬೇರೆ. ಮೊಂಬಾಸಾದಲ್ಲಿ ನಾಲ್ಕು ಸಾಲು, ಸಾಲಿಗೆ ಎಂಟು ಗುಳಿ, ಅರವತ್ತನಾಲ್ಕು ಬೀಜ ಇಟ್ಟು "ಬಾವ್" ಆಡುವುದನ್ನು ನೋಡಿದ್ದೇನೆ. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಖಂಡಿತ ಬರುತ್ತೇನೆ. ಇಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ.

ಕೋಥ್ರೂಡ್ ಸೊಸೆ

ಕಡಲೆಕಾಳು ಇಟ್ಟು ನೋಡಿದೆವು ಸರ್. ನಿಜ, ಎಂಟೇ! ಮಗಳು ನಾಲ್ಕು ಆನೆಗೂ ಬೇರೆ ಬೇರೆ ಕಾಳು ಇಟ್ಟಳು. ಕಡಲೆ, ಹೆಸರು, ಅಲಸಂದೆ, ಬಟಾಣಿ. ಮೂವತ್ತೆರಡು ಮನೆ ತುಂಬಿದವು, ಒಂದರಲ್ಲೂ ಎರಡು ಕಾಳು ಬೀಳಲಿಲ್ಲ. ಮಾವ ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದರು.

ಮಗಳು ಒಂದು ವಿಷಯ ಗಮನಿಸಿದಳು. ಶಾಲೆಯಲ್ಲಿ ಮೊದಲು ಕಲಿಸುವುದೇ ಬಿಷಪ್ ಸಿ4ಗೆ. ಆ ಮನೆ ನಮ್ಮ ಬಿಳಿ ಆನೆಗಳ ಕಾಳಿನಲ್ಲಿ ಇಲ್ಲವೇ ಇಲ್ಲ. ಅಲ್ಲಿ ಇದ್ದದ್ದು ಕಪ್ಪಿನ ಆನೆಯ ಕಾಳು.

ವಾಸ್ಕೊ ನಾವಿಕ

ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ಹಳೆಯ ಹಸ್ತಪ್ರತಿಗಳ ಚಿತ್ರ ಪರೀಕ್ಷಿಸಲು ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಆನೆ ಎರಡು ಮನೆ ಹಾರುವ ಆಟದ ಚಿತ್ರ ಅಂತಿಟ್ಟುಕೊಳ್ಳಿ. ಅದರಲ್ಲಿ ಬಿಳಿ ಆನೆ ಸಿ4ನಲ್ಲಿ ಇದ್ದರೆ, ಒಂದೋ ನಕಲು ಮಾಡಿದವನು ತಪ್ಪಿದ್ದಾನೆ, ಇಲ್ಲವೇ ಅಲ್ಲಿ ಆನೆಯ ನಡೆಯೇ ಬೇರೆ. ಒಂದು ಕಾಯಿ ನಿಂತ ಮನೆ ನೋಡಿದರೆ ನಿಯಮ ತಿಳಿಯುತ್ತದೆ.

ಡೊಂಬಿವಲಿ ಅಪ್ಪ

ನನ್ನದೂ ಇದೇ ಕಥೆ, ಆದರೆ ನೋವಿನದ್ದು. ನನ್ನ ತಂದೆ ಗದಗಿನಲ್ಲಿ ಹೆಸರಾದ ಆಟಗಾರ. ಮೊಮ್ಮಗನಿಗೆ ಅವರೇ ಕಲಿಸಿದರು. ಹೋದ ವರ್ಷ ಮುಂಬೈಯ ಒಂದು ಕ್ಲಾಸಿಗೆ ಹಾಕಿದೆವು. ಅಲ್ಲಿನ ಕೋಚ್ ಎಲ್ಲ ಮಕ್ಕಳ ಮುಂದೆ "ನಿಮ್ಮ ಅಜ್ಜ ತಪ್ಪು ಕಲಿಸಿದ್ದಾರೆ, ಎಲ್ಲ ಮರೆತುಬಿಡು" ಅಂದರು. ಮಗ ಮನೆಗೆ ಬಂದು ಅಜ್ಜನಿಗೆ ಹಾಗೆಯೇ ಹೇಳಿದ. ಅಪ್ಪ ಆಮೇಲೆ ಬೋರ್ಡ್ ಮುಟ್ಟಲಿಲ್ಲ. ಅವರಿಗೆ ಎಂಬತ್ತೊಂದು ವರ್ಷ.

ಮಗನಿಗೆ ಎರಡೂ ಕಲಿಸಿದರೆ ಟೂರ್ನಮೆಂಟಿನಲ್ಲಿ ಗೊಂದಲ ಆಗುತ್ತದಾ? ತಿಳಿದವರು ಹೇಳಿ.

ವಾಸ್ಕೊ ನಾವಿಕ

ಸಹೋದರ, ಓದಿ ಬೇಸರವಾಯಿತು. ನಿಮ್ಮ ತಂದೆಯವರಿಗೆ ಈ ಹೆಸರು ಹೇಳಿ: ಮೀರ್ ಸುಲ್ತಾನ್ ಖಾನ್. ಪಂಜಾಬಿನವರು. ಬೆಳೆದದ್ದು ದೇಸಿ ನಿಯಮದ ಆಟದಲ್ಲಿ, ಅಂದರೆ ಪ್ಯಾದೆ ಒಂದೇ ಮನೆ ಇಡುವ ಆಟದಲ್ಲಿ. ದೊಡ್ಡವರಾದ ಮೇಲೆ ಇಂಗ್ಲಿಷ್ ನಿಯಮ ಕಲಿತರು. 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, 1932 ಮತ್ತು 1933ರಲ್ಲಿ ಮತ್ತೆ. ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾನನ್ನು ಹೇಸ್ಟಿಂಗ್ಸ್‌ನಲ್ಲಿ ಸೋಲಿಸಿದರು.

ಅವರಿಗೆ ಕಷ್ಟವಾದದ್ದು ಆಟದ ಆರಂಭ. ದೇಸಿ ಆಟದಲ್ಲಿ ಪ್ಯಾದೆ ನಿಧಾನ, ಹೊಡೆದಾಟ ತಡವಾಗಿ ಶುರುವಾಗುತ್ತದೆ. ಹಾಗಾಗಿ ಮೊದಲ ಹತ್ತು ನಡೆಗಳಲ್ಲಿ ಎಡವುತ್ತಿದ್ದರು. ಕೊನೆಯ ಹಂತದಲ್ಲಿ ಅವರನ್ನು ಹಿಡಿಯುವುದು ಕಷ್ಟವಿತ್ತು. ನಿಮ್ಮ ಮಗನಿಗೂ ಗೊಂದಲ ಆಗುವುದಾದರೆ ಮೊದಲ ಹತ್ತು ನಡೆಗಳಲ್ಲಿ. ಆರಂಭವನ್ನು ಕ್ಲಾಸಿನಲ್ಲಿ ಕಲಿಯಲಿ. ಅಂತ್ಯವನ್ನು ಅಜ್ಜನ ಹತ್ತಿರ ಕಲಿಯಲಿ.

ಮಾಟುಂಗಾ ವಿದ್ಯಾರ್ಥಿ

ನಾವಿಕ ಸರ್, ಒಂದು ಸಂದೇಹ. ನಾನು ಮುಂಬೈಯಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ಹೆಸರು ಪ್ರಯಾಣ ಮಾಡಿದ್ದು ಸರಿ. ಆಟ ವ್ಯಾಪಾರದ ದಾರಿಯಲ್ಲೇ ಹೋಯಿತು ಅನ್ನಲು ಏನು ಆಧಾರ? ರಾಜರು ಉಡುಗೊರೆ ಕಳಿಸಿರಬಹುದು, ಸೈನಿಕರು ಕೊಂಡುಹೋಗಿರಬಹುದು.

ಮತ್ತೆ ಠಾಣೆಯವರು ಹೇಳಿದ ನಾಲ್ಕು ಜನರ ಆಟದ ಬಗ್ಗೆ ನೀವು ಏನೂ ಹೇಳಲಿಲ್ಲ.

ವಾಸ್ಕೊ ನಾವಿಕ

ಎರಡನೆಯದಕ್ಕೆ ಮೊದಲು. ಠಾಣೆಯವರು ಹೇಳಿದ ಮಾತು ಒಂದು ಕಾಲದಲ್ಲಿ ವಿದ್ವಾಂಸರೇ ಹೇಳಿದ್ದು. ಕಾಕ್ಸ್ ಮತ್ತು ಫೋರ್ಬ್ಸ್ ಅನ್ನುವ ಇಬ್ಬರು ಬ್ರಿಟಿಷರ ವಾದ ಅದು. 1913ರಲ್ಲಿ ಮರ್ರೆ ಎಂಬ ಚದುರಂಗದ ಇತಿಹಾಸಕಾರ ಅದನ್ನು ಒಪ್ಪಲಿಲ್ಲ, ಈಗ ಅದಕ್ಕೆ ಬೆಂಬಲ ಕಡಿಮೆ. ಸಭಾಪರ್ವದಲ್ಲಿ ಧರ್ಮರಾಯ ಸೋತದ್ದು ದಾಳದ ಜೂಜಿನಲ್ಲಿ. ಅದು ಚದುರಂಗ ಅಲ್ಲ.

ಆದರೆ ನಾಲ್ಕು ಜನರು ದಾಳ ಹಾಕಿ ಆಡುವ ಚದುರಂಗ ನಮ್ಮ ದೇಶದಲ್ಲಿ ಇದ್ದದ್ದು ನಿಜ. ಅಲ್‌ಬಿರೂನಿ 1030ರ ಸುಮಾರಿಗೆ ಭಾರತದ ಬಗ್ಗೆ ಬರೆಯುತ್ತಾ ಅದನ್ನು ವಿವರಿಸಿದ್ದಾನೆ. ಇತ್ತು ಅನ್ನುವುದು ಬೇರೆ, ಅದೇ ತಾಯಿ ಅನ್ನುವುದು ಬೇರೆ.

ಅಲ್‌ಬಿರೂನಿ ಹೇಳುವ ಆನೆ ನನಗೆ ಬಹಳ ಇಷ್ಟ. ಅದು ನಾಲ್ಕು ಓರೆ ಮನೆಗಳಿಗೆ ಒಂದೊಂದು ಹೆಜ್ಜೆ, ಜೊತೆಗೆ ನೇರ ಮುಂದಕ್ಕೆ ಒಂದು ಹೆಜ್ಜೆ ಇಡುತ್ತದೆ. ನಾಲ್ಕು ಕಾಲು, ಒಂದು ಸೊಂಡಿಲು. ಆಡುವವನ ನೆನಪಿನಲ್ಲಿ ಆನೆಯೇ ನಿಂತುಬಿಡುತ್ತದೆ.

ಈಗ ದಾರಿಯ ವಿಷಯ. ಈ ಐದು ಹೆಜ್ಜೆಯ ಆನೆ ಪಶ್ಚಿಮಕ್ಕೆ ಹೋಗಲಿಲ್ಲ. ಪೂರ್ವಕ್ಕೆ ಹೋಯಿತು. ಯಾಂಗೋನಿನ ಚಹಾದಂಗಡಿಯಲ್ಲಿ ಮರದ ಆನೆ ಇಟ್ಟುಕೊಂಡು ಆಡುತ್ತಾರೆ, ಅದರ ನಡೆ ಸರಿಯಾಗಿ ಇದೇ: ನಾಲ್ಕು ಕಾಲು, ಒಂದು ಸೊಂಡಿಲು. ಥಾಯ್ಲೆಂಡಿನ ಮಕ್ರುಕ್ ಆಟದಲ್ಲಿ ಆ ಕಾಯಿಯ ಹೆಸರು "ಖೋನ್", ಆನೆಯ ಆಕಾರವೂ ಇಲ್ಲ, ಆದರೆ ನಡೆ ಇದೇ. ಜಪಾನಿನ ಶೋಗಿಯಲ್ಲಿ "ಬೆಳ್ಳಿ ಸೇನಾಪತಿ" ಅಂತ ಒಂದು ಕಾಯಿ ಇದೆ, ಚಪ್ಪಟೆ ಮರದ ಬಿಲ್ಲೆ, ಮೇಲೆ ಅಕ್ಷರ. ನಡೆ ಮತ್ತೆ ಇದೇ ಐದು. ಕೋಬೆಯಲ್ಲಿ ಮೊದಲ ಸಲ ಅದನ್ನು ನೋಡಿದಾಗ ನಾನು ಮನಸ್ಸಿನಲ್ಲೇ ಸೊಂಡಿಲು ಎಣಿಸಿದೆ.

ಪೂರ್ವದಲ್ಲಿ ನಡೆ ಉಳಿದು ಹೆಸರು ಬದಲಾಯಿತು. ಪಶ್ಚಿಮದಲ್ಲಿ ಹೆಸರು ಉಳಿದು ನಡೆ ಬದಲಾಯಿತು.

ಭೂಮಾರ್ಗಕ್ಕೆ ಒಂದು ಸಾಕ್ಷಿ ಇದೆ. ಸಮರ್ಕಂದದ ಹಳೆಯ ಊರು ಅಫ್ರಾಸಿಯಾಬ್‌ನಲ್ಲಿ 1977ರಲ್ಲಿ ದಂತದ ಏಳು ಕಾಯಿಗಳು ಸಿಕ್ಕವು. ಸುಮಾರು 8ನೇ ಶತಮಾನದವು. ರೇಷ್ಮೆ ದಾರಿಯ ದೊಡ್ಡ ಪೇಟೆ ಅದು. ಸಮುದ್ರದ ಕಡೆಗೆ ನನಗೆ ಸಾಕ್ಷಿಯಾಗಿ ಕಾಣುವುದು ಥಾಯ್ ಪ್ಯಾದೆ. ಅದರ ಹೆಸರು "ಬೀಯ", ಅಂದರೆ ಕವಡೆ. ಹಿಂದೆ ಪ್ಯಾದೆಗಳಾಗಿ ನಿಜವಾದ ಕವಡೆಗಳನ್ನೇ ಇಡುತ್ತಿದ್ದರು. ಆ ಕವಡೆ ಮಾಲ್ದೀವಿನಿಂದ ಹಡಗಿನಲ್ಲಿ ಹರಡಿದ ಹಣ. ವ್ಯಾಪಾರದ ಚಿಲ್ಲರೆಯೇ ಆಟದ ಕಾಯಿ ಆಯಿತು.

ಅದರಿಂದ ಒಂದು ಅನುಕೂಲವೂ ಆಯಿತು. ಕವಡೆಗೆ ಎರಡು ಮುಖ. ಪ್ಯಾದೆ ಆರನೇ ಸಾಲು ಮುಟ್ಟಿದರೆ ಕವಡೆಯನ್ನು ಮಗುಚಿ ಹಾಕುತ್ತಾರೆ, ಬಡ್ತಿ ಸಿಕ್ಕಿತು ಅಂತ ಅರ್ಥ. ಬೇರೆ ಕಾಯಿ ಹುಡುಕಬೇಕಾಗಿಲ್ಲ. ನಿಮ್ಮ ಮನೆಯ ಜಗಳ ಪ್ಯಾದೆಯ ಬಡ್ತಿಯದ್ದೇ ಅಲ್ವಾ ಕೋಥ್ರೂಡ್ ತಾಯಿ? ಅಲ್ಲಿ ಆ ಜಗಳಕ್ಕೆ ಜಾಗವೇ ಇಲ್ಲ.

ಠಾಣೆ ವಿಜಯಪುರದವ

ತಿದ್ದಿದ್ದಕ್ಕೆ ಧನ್ಯವಾದ ಸರ್. ಶಾಲೆಯಲ್ಲಿ ಕೇಳಿದ್ದನ್ನೇ ಹೇಳಿದ್ದೆ. ಆದರೆ ಒಂದು ಮಾತು ಬಿಡುವುದಿಲ್ಲ. ಐದು ಹೆಜ್ಜೆಯ ಆನೆ ಭಾರತದಲ್ಲೇ ಬರೆದದ್ದು ಅಂದರೆ ಅದೇ ಮೂಲ ನಡೆ. ಎರಡು ಮನೆ ಹಾರುವುದು ಅರಬರು ಮಾಡಿದ ಬದಲಾವಣೆ. ಸರಿಯಾ?

ವಾಸ್ಕೊ ನಾವಿಕ

ಹಾಗೆ ಹೇಳಲು ನನಗೂ ಆಸೆ, ಆದರೆ ಆಗುವುದಿಲ್ಲ. ಅಲ್‌ಬಿರೂನಿಗಿಂತ ಸುಮಾರು ಇನ್ನೂರು ವರ್ಷ ಮೊದಲು, 840ರ ಸುಮಾರಿಗೆ, ಅಲ್‌ಅದ್ಲಿ ಎಂಬ ದೊಡ್ಡ ಶತ್ರಂಜ್ ಆಟಗಾರ ಬರೆದಿದ್ದಾನೆ. ಭಾರತದವರ ಆನೆ ನೇರಕ್ಕೆ ಎರಡನೇ ಮನೆಗೆ ಹಾರುತ್ತದೆ ಅನ್ನುತ್ತಾನೆ. ಓರೆಗೆ ಅಲ್ಲ, ನೇರಕ್ಕೆ.

ಅಂದರೆ ಒಂದೇ ಆನೆಗೆ ಮೂರು ನಡೆ. ಅರಬರಿಗೆ ಸಿಕ್ಕ ಓರೆ ಹಾರಾಟ, ಅಲ್‌ಅದ್ಲಿ ಕೇಳಿದ ನೇರ ಹಾರಾಟ, ಅಲ್‌ಬಿರೂನಿ ಕಂಡ ಐದು ಹೆಜ್ಜೆ. ಮೂರೂ ಭಾರತದಲ್ಲೇ ಬೇರೆ ಬೇರೆ ಊರಿನಲ್ಲಿ ಇದ್ದಿರಬಹುದು. ಧಾರವಾಡ, ತ್ರಿಶೂರ್ ಇವತ್ತಿಗೂ ಒಂದಾಗಿಲ್ಲ. ಆಗ ಮಾತ್ರ ಒಂದೇ ನಿಯಮ ಇತ್ತು ಅಂತ ಯಾಕೆ ಅಂದುಕೊಳ್ಳಬೇಕು?

ಮಡಗಾಂವ್ ಟೀಚರ್

ನಾವಿಕರೇ, ಪಶ್ಚಿಮದ ಕಡೆ ಹೆಸರು ಉಳಿಯಿತು ಅಂದಿರಿ. ಪೂರ್ತಿ ಹಾಗಲ್ಲ. ನಾನು ಕಾರವಾರದವಳು, ಮಡಗಾಂವ್‌ಗೆ ಮದುವೆಯಾಗಿ ಬಂದೆ. ಇಲ್ಲಿ ಯಜಮಾನರ ಅಜ್ಜ ಪೋರ್ಚುಗೀಸ್ ಶಾಲೆಯಲ್ಲಿ ಓದಿದವರು. ಅವರು ಆ ಕಾಯಿಗೆ "ಬಿಶ್ಪು" ಅನ್ನುತ್ತಿದ್ದರು, ಚರ್ಚಿನ ಬಿಸ್ಪ್ ಇದ್ದಾರಲ್ಲ, ಹಾಗೆ. ಇಂಗ್ಲಿಷರಿಗೂ ಬಿಷಪ್. ಫ್ರೆಂಚರಿಗೆ ಅದು ಆಸ್ಥಾನದ ಕೋಡಂಗಿ. ಆನೆ ಹೇಗೆ ಪಾದ್ರಿ ಆಯಿತು?

ಇನ್ನೊಂದು. ಪೋರ್ಚುಗೀಸರು 1510ರಲ್ಲಿ ಗೋವಾಕ್ಕೆ ಬಂದರು. ಹೊಸ ನಡೆ ನಮ್ಮ ದೇಶಕ್ಕೆ ಬಂದದ್ದು ಇಲ್ಲಿಂದಲೇ ಇರಬೇಕು ಅಂತ ನನ್ನ ಅನಿಸಿಕೆ.

ವಾಸ್ಕೊ ನಾವಿಕ

ಟೀಚರ್, ನಿಮ್ಮ ತಿದ್ದುಪಡಿ ಒಪ್ಪಿದೆ. ಹೆಸರು ಉಳಿದದ್ದು ಸ್ಪೇನಿನಲ್ಲಿ. ರಷ್ಯಾದಲ್ಲಿ ಅರ್ಥವೇ ಉಳಿಯಿತು, ಅಲ್ಲಿ ಅದು ಈಗಲೂ "ಸ್ಲೋನ್", ಆನೆ. ಇಟಲಿಯಲ್ಲಿ ಅಲ್‌ಫೀಲ್ ಕೇಳಿ "ಆಲ್ಫಿಯೆರೆ" ಅಂದರು, ಅಂದರೆ ಬಾವುಟ ಹಿಡಿಯುವವನು. ಕಿವಿಗೆ ಹತ್ತಿರವಾದ ತಮ್ಮದೇ ಪದ.

ಪಾದ್ರಿಯಾದದ್ದು ಆಕಾರದಿಂದ. ಅರಬರ ನಾಡಿನ ಕಾಯಿಗಳಲ್ಲಿ ಬಹಳಷ್ಟು ಪ್ರಾಣಿಯ ಹಾಗೆ ಇರುತ್ತಿರಲಿಲ್ಲ. ಸರಳವಾದ ಗುಂಡು ಕಾಯಿ. ಆನೆಗೆ ಮೇಲೆ ಎರಡು ಮೊಗ್ಗಿನಂತೆ ಉಬ್ಬು, ಅದು ದಂತದ ಗುರುತು. ಆನೆಯನ್ನೇ ನೋಡದವರ ಕೈಗೆ ಅದು ಬಂದಾಗ ಎರಡು ತುದಿಯ ಟೊಪ್ಪಿಗೆಯ ಹಾಗೆ ಕಂಡಿತು. ಬಿಷಪ್ ಹಾಕುವ ಟೊಪ್ಪಿಗೆಗೂ ಎರಡು ತುದಿ, ಕೋಡಂಗಿಯ ಟೊಪ್ಪಿಗೆಗೂ ಎರಡು ತುದಿ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಸಿಕ್ಕ 12ನೇ ಶತಮಾನದ ಕಾಯಿಗಳಲ್ಲಿ ಅವರು ಸ್ಪಷ್ಟವಾಗಿ ಬಿಷಪ್‌ಗಳೇ. ಸಮುದ್ರದ ವಾಲ್ರಸ್ ದಂತದಲ್ಲಿ ಕೆತ್ತಿದ್ದು. ಆನೆಯ ದಂತವೂ ಇಲ್ಲ, ಆನೆಯೂ ಇಲ್ಲ.

ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಎಲ್ಲ ಊರಿನಲ್ಲೂ ಕುದುರೆ ಇತ್ತು, ಹಾಗಾಗಿ ಕುದುರೆಯ ನಡೆ ಎಲ್ಲೂ ಹೆಚ್ಚು ಬದಲಾಗಲಿಲ್ಲ. ಆನೆ ಇಲ್ಲದ ಊರಿನಲ್ಲಿ ಆನೆಯ ನಡೆ ಬದಲಾಯಿತು.

ಗೋವಾದ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊಮ್ಮಗ ಕರೆಯುತ್ತಿದ್ದಾನೆ.

ಮಾಟುಂಗಾ ವಿದ್ಯಾರ್ಥಿ

ಸರ್, ಗೌರವದಿಂದಲೇ ಹೇಳುತ್ತೇನೆ, ಈ ಕೊನೆಯ ಮಾತು ನಿಲ್ಲುವುದಿಲ್ಲ.

ಚೀನಾದಲ್ಲಿ ಆನೆ ಗೊತ್ತಿತ್ತು. ಆದರೂ ಅಲ್ಲಿನ ಆಟದಲ್ಲಿ ಆನೆ ಓರೆಗೆ ಎರಡು ಹೋಗುತ್ತದೆ, ನಡುವೆ ಕಾಯಿ ಇದ್ದರೆ ಹಾರುವಂತಿಲ್ಲ, ಬೋರ್ಡಿನ ನಡುವಿನ ನದಿ ದಾಟುವಂತಿಲ್ಲ. ಅದು ನಿಲ್ಲಬಹುದಾದ ಜಾಗ ಏಳೇ. ಯುರೋಪಿನಲ್ಲಿ ಆನೆ ಇರಲಿಲ್ಲ. ಆದರೂ ಹಳೆಯ ಎರಡು ಮನೆಯ ಹಾರಾಟ ಶತಮಾನಗಳ ಕಾಲ ಹಾಗೆಯೇ ಉಳಿಯಿತು. ಸ್ಪೇನಿನ ರಾಜ ಹತ್ತನೇ ಅಲ್ಫೋನ್ಸೊ 1283ರಲ್ಲಿ ಮಾಡಿಸಿದ ಆಟಗಳ ಪುಸ್ತಕದಲ್ಲೂ ಅದೇ ನಡೆ. ಹೆಸರು ಬದಲಾದಾಗ ನಡೆ ಬದಲಾಗಿಲ್ಲ. ನಡೆ ಬದಲಾದದ್ದು 15ನೇ ಶತಮಾನದ ಕೊನೆಯಲ್ಲಿ. ಅದೂ ಸ್ಪೇನಿನಲ್ಲಿ, ಆಲ್ಫಿಲ್ ಅನ್ನುವ ಹೆಸರು ಇನ್ನೂ ಇದ್ದ ಊರಿನಲ್ಲಿ.

ಅದೇ ಹೊತ್ತಿಗೆ ಮಂತ್ರಿಯ ನಡೆಯೂ ಬದಲಾಯಿತು. ಮಂತ್ರಿ ಇಲ್ಲದ ಊರು ಯಾವುದು?

ವಾಸ್ಕೊ ನಾವಿಕ

ರಾತ್ರಿ ಪೂರ್ತಿ ನಿಮ್ಮ ಮಾತೇ ತಲೆಯಲ್ಲಿತ್ತು. ನೀವು ಹೇಳಿದ್ದು ಸರಿ. ನಾನು ಹೆಸರಿನ ಕಾರಣವನ್ನು ನಡೆಯ ಮೇಲೆ ಹೇರಿದ್ದೆ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ನಡೆ ಬದಲಾದದ್ದಕ್ಕೆ ಕಾರಣ ಆಟದ ಒಳಗೇ ಇದೆ ಅನಿಸುತ್ತದೆ. ಹಳೆಯ ಆಟ ಬಹಳ ನಿಧಾನ. ಆನೆಗೆ ಎಂಟು ಮನೆ, ಮಂತ್ರಿ ಓರೆಗೆ ಒಂದೇ ಹೆಜ್ಜೆ, ಪ್ಯಾದೆ ಒಂದು ಹೆಜ್ಜೆ. ಎರಡು ಸೈನ್ಯ ಮುಖಾಮುಖಿ ಆಗುವುದಕ್ಕೇ ಹತ್ತು ಹನ್ನೆರಡು ನಡೆ ಬೇಕು. ಈ ತೊಂದರೆ ಎಲ್ಲ ಊರಿನಲ್ಲೂ ಇತ್ತು. ಒಂದೊಂದು ಊರು ಒಂದೊಂದು ಪರಿಹಾರ ಕಂಡುಕೊಂಡಿತು.

ಅರಬರು ನಡೆಯನ್ನು ಮುಟ್ಟಲಿಲ್ಲ. ಅವರು "ತಬಿಯಾ" ಅಂತ ಸಿದ್ಧ ವ್ಯೂಹಗಳನ್ನು ಮಾಡಿಕೊಂಡರು. ಯಾವ ವ್ಯೂಹ ಅಂತ ಹೇಳಿ, ಕಾಯಿಗಳನ್ನು ಅಲ್ಲಿಗೆ ತಂದು, ನಿಜವಾದ ಆಟ ಅಲ್ಲಿಂದ ಶುರು. ಥಾಯ್ ಆಟದಲ್ಲಿ ಪ್ಯಾದೆಗಳನ್ನು ಎರಡನೇ ಸಾಲಿನ ಬದಲು ಮೂರನೇ ಸಾಲಿನಲ್ಲೇ ಇಡುತ್ತಾರೆ. ಬರ್ಮಾದಲ್ಲಿ ಪ್ಯಾದೆ ಬಿಟ್ಟು ಉಳಿದ ಕಾಯಿಗಳನ್ನು ಆಟಗಾರರೇ ತಮಗೆ ಬೇಕಾದ ಹಾಗೆ ಜೋಡಿಸುತ್ತಾರೆ. ಯಾಂಗೋನಿನಲ್ಲಿ ನಾನು ಸೋತದ್ದು ಪ್ರತಿ ಸಲವೂ ಜೋಡಿಸುವಾಗಲೇ.

ಯುರೋಪು ಮಾತ್ರ ಕಾಯಿಯನ್ನೇ ಬದಲಾಯಿಸಿತು. ಪ್ಯಾದೆಗೆ ಮೊದಲ ನಡೆ ಎರಡು ಮನೆ. ಆನೆಗೆ ಓರೆಯಲ್ಲಿ ದಾರಿ ಇರುವಷ್ಟು ದೂರ. ಮಂತ್ರಿಗೆ ಎಂಟು ದಿಕ್ಕು. ವಲೆನ್ಸಿಯಾದಲ್ಲಿ 1475ರ ಸುಮಾರಿಗೆ ಬರೆದ ಒಂದು ಕವಿತೆಯಲ್ಲಿ ಈ ಹೊಸ ಆಟ ಕಾಣುತ್ತದೆ. 1497ರಲ್ಲಿ ಲುಸೇನಾ ಎಂಬಾತ ಸಲಮಾಂಕಾದಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಹಳೆಯ ಆಟದ ಸಮಸ್ಯೆಗಳೂ ಇವೆ, ಹೊಸ ಆಟದವೂ ಇವೆ. ಅಂದರೆ ಆಗ ಎರಡನ್ನೂ ಪಕ್ಕಪಕ್ಕದಲ್ಲೇ ಆಡುತ್ತಿದ್ದರು. ಕೋಥ್ರೂಡಿನ ಮನೆಯ ಹಾಗೆ.

ಟೀಚರ್, ಗೋವಾದ ವಿಷಯ. ಕಾಲ ಹೊಂದುತ್ತದೆ. ಡಮಿಯಾನೊ ಎಂಬ ಪೋರ್ಚುಗೀಸನ ಚದುರಂಗದ ಪುಸ್ತಕ 1512ರಲ್ಲಿ ರೋಮಿನಲ್ಲಿ ಅಚ್ಚಾಯಿತು, ಅದರಲ್ಲಿ ಹೊಸ ನಡೆಗಳಿವೆ. ಹಡಗಿನಲ್ಲಿ ಬಂದವರಿಗೆ ಹೊಸ ಆಟ ಗೊತ್ತಿದ್ದಿರಬಹುದು. ಆದರೆ ಅವರಿಂದ ನಮ್ಮವರು ಕಲಿತರು ಅನ್ನಲು ಸಾಕ್ಷಿ ಬೇಕು. ಕಾಲ ಹೊಂದಿದ ಮಾತ್ರಕ್ಕೆ ಸಾಲದು. ನಿನ್ನೆ ನಾನು ಮಾಡಿದ ತಪ್ಪೂ ಅದೇ ಜಾತಿಯದ್ದು.

ಮಡಗಾಂವ್ ಟೀಚರ್

ಒಪ್ಪಿದೆ. ಆದರೂ ಹುಡುಕುವುದನ್ನು ಬಿಡುವುದಿಲ್ಲ. ನಮ್ಮ ದೇಸಿ ಆಟದಲ್ಲಿ ಒಂಟೆ, ಮಂತ್ರಿ ಎರಡಕ್ಕೂ ಉದ್ದ ನಡೆ ಇದೆ, ಪ್ಯಾದೆಗೆ ಮಾತ್ರ ಹಳೆಯ ಒಂದು ಹೆಜ್ಜೆ. ಅರ್ಧ ಹೊಸದು, ಅರ್ಧ ಹಳೆಯದು. ಎಲ್ಲಿಂದಲೋ ಹೊಸದು ಬಂದು ಸೇರಿದೆ. ಯಾವ ಬಂದರು ಅನ್ನುವುದೇ ಪ್ರಶ್ನೆ.

ಠಾಣೆ ವಿಜಯಪುರದವ

ಎಲ್ಲ ಸರಿ, ಅಕ್ಕನ ಮೊದಲ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲವಲ್ಲ. ಒಂಟೆ ಎಲ್ಲಿಂದ ಬಂತು? ನಮ್ಮ ಆನೆ ಮೂಲೆಗೆ ಯಾಕೆ ಹೋಯಿತು?

ಮಾಟುಂಗಾ ವಿದ್ಯಾರ್ಥಿ

ಮೂಲೆಯ ಕಾಯಿ ಮೊದಲು ರಥ. ಅದರ ಹೆಸರೂ ಎಲ್ಲ ಕಡೆ ಅಲುಗಾಡಿದೆ. ಬಂಗಾಳದಲ್ಲಿ ಅದು ನೌಕೆ, ಥಾಯ್ಲೆಂಡಿನಲ್ಲಿ ದೋಣಿ, ರಷ್ಯಾದಲ್ಲೂ ದೋಣಿ. ಯುದ್ಧದಲ್ಲಿ ರಥ ಹೋದ ಮೇಲೆ ಆ ಮೂಲೆಗೆ ಒಂದೊಂದು ಊರು ಒಂದೊಂದನ್ನು ತಂದು ನಿಲ್ಲಿಸಿದೆ. ಬಂಗಾಳದವರು ದೋಣಿ ತಂದರು, ಆನೆ ಇದ್ದಲ್ಲೇ ಉಳಿಯಿತು, ಅಲ್ಲಿ ಬಿಷಪ್ ಈಗಲೂ ಗಜ. ಕೇರಳದವರು ರಥವನ್ನೂ ಬಿಡಲಿಲ್ಲ, ಆನೆಯನ್ನೂ ಅಲುಗಿಸಲಿಲ್ಲ. ನಮ್ಮಲ್ಲಿ ಮತ್ತು ಮರಾಠಿಯವರಲ್ಲಿ ಮೂಲೆಗೆ ಆನೆ ಹೋಯಿತು, ಅದರ ಖಾಲಿ ಜಾಗಕ್ಕೆ ಒಂಟೆ ಬಂತು.

ಉದ್ದಕ್ಕೆ ಓಡುವ ಬಲವಾದ ಕಾಯಿಗೆ ಬಲವಾದ ಪ್ರಾಣಿ ಬೇಕು ಅನಿಸಿರಬಹುದು. ಇದು ನನ್ನ ಊಹೆ ಅಷ್ಟೇ. ಯಾವಾಗ ಆಯಿತು ಅಂತ ನೋಡಬೇಕು. ಕಲ್ಯಾಣದ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಚದುರಂಗದ ಭಾಗ ಇದೆ, 12ನೇ ಶತಮಾನದ್ದು, ನಮ್ಮದೇ ನೆಲದ್ದು. ಮುಂದಿನ ವಾರ ಲೈಬ್ರರಿಯಲ್ಲಿ ಮೂಲ ಶ್ಲೋಕಗಳನ್ನೇ ಓದಿ, ಅಲ್ಲಿ ಆನೆ ಎಲ್ಲಿ ನಿಂತಿದೆ ಅಂತ ಇಲ್ಲಿ ಹಾಕುತ್ತೇನೆ.

ಡೊಂಬಿವಲಿ ಅಪ್ಪ

ಅಪ್ಪನಿಗೆ ಸುಲ್ತಾನ್ ಖಾನ್ ಕಥೆ ಹೇಳಿದೆ. ಹೆಸರು ಅವರಿಗೆ ಮೊದಲೇ ಗೊತ್ತಿತ್ತು. ರಾತ್ರಿ ಊಟ ಆದಮೇಲೆ ತಾವೇ ಬೋರ್ಡ್ ತೆಗೆದರು. ಮಗನಿಗೆ ರಾಜ ಮತ್ತು ಒಂದು ಪ್ಯಾದೆಯ ಅಂತ್ಯ ತೋರಿಸುತ್ತಿದ್ದಾರೆ. ಬೇರೇನೂ ಹೇಳಲು ತೋಚುತ್ತಿಲ್ಲ. ಧನ್ಯವಾದ.

ಕೋಥ್ರೂಡ್ ಸೊಸೆ

ನಮ್ಮ ಮನೆಯ ವರದಿ. ನಿನ್ನೆ ಮಾವ, ಮಗಳು ಹಳೆಯ ಆನೆ ಇಟ್ಟು ಆಡಿದರು. ಒಂಟೆಗಳ ತಲೆಗೆ ಕೆಂಪು ದಾರ ಕಟ್ಟಿ "ಇವು ಎರಡೇ ಮನೆ ಹಾರುತ್ತವೆ" ಅಂತ ಗುರುತು ಮಾಡಿಕೊಂಡರು. ಮಂತ್ರಿಗೂ ಓರೆಗೆ ಒಂದೇ ಹೆಜ್ಜೆ.

ಒಂಬತ್ತನೇ ನಡೆಯವರೆಗೆ ಒಂದು ಕಾಯಿಯೂ ಸಾಯಲಿಲ್ಲ. ಮಗಳಿಗೆ ಬೇಸರ ಬಂತು. ಆಮೇಲೆ ಮಾವನ ಆನೆ ತನ್ನದೇ ಪ್ಯಾದೆಯನ್ನು ಹಾರಿ ಅವಳ ಕುದುರೆಯನ್ನು ಹೊಡೆಯಿತು. ಅವಳು ಆ ಮನೆಗೆ ಕಾಳು ಬಿದ್ದದ್ದನ್ನೇ ಮರೆತಿದ್ದಳು. ಈಗ ಎಂಟೆಂಟು ಮನೆಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದಾಳೆ.

ಇನ್ನು ಥಾಯ್ ಆಟ ನೋಡಬೇಕಂತೆ. ಮಾವನಿಗೆ ಕವಡೆಯನ್ನು ಮಗುಚುವ ನಿಯಮ ಬಹಳ ಹಿಡಿಸಿದೆ. ಪ್ಯಾದೆಗಳಿಗೆ ಹದಿನಾರು ಕವಡೆ ಬೇಕು ಅಲ್ವಾ ಸರ್? ಎರಡೂ ಕಡೆಯವು ಒಂದೇ ಥರ ಕಂಡರೆ ಯಾರದ್ದು ಅಂತ ಹೇಗೆ ಗೊತ್ತಾಗುತ್ತದೆ?

ವಾಸ್ಕೊ ನಾವಿಕ

ಹೌದು, ಹದಿನಾರು. ತುಳಶೀಬಾಗಿನಲ್ಲಿ ಪೂಜೆ ಸಾಮಾನಿನ ಅಂಗಡಿಯಲ್ಲಿ ಕೇಳಿ ನೋಡಿ. ಎಂಟು ಕವಡೆಗೆ ಅರಿಶಿನ ಹಚ್ಚಿ, ಎರಡೂ ಮುಖಕ್ಕೆ, ಇಲ್ಲದಿದ್ದರೆ ಮಗುಚಿದ ಮೇಲೆ ಬಣ್ಣ ಕಾಣುವುದಿಲ್ಲ. ಮೂರನೇ ಸಾಲಿನಲ್ಲಿ ಬೆನ್ನು ಮೇಲೆ ಮಾಡಿ ಇಡಿ. ಮಗುಚಿದ ಕವಡೆ ಓರೆಗೆ ಒಂದು ಹೆಜ್ಜೆ ಇಡುತ್ತದೆ, ಅಷ್ಟೇ. ಮಂತ್ರಿಯ ಹಳೆಯ ನಡೆ ಅದು.

ಒಂಟೆಗಳ ಕೆಂಪು ದಾರ ಬಿಚ್ಚಬೇಡಿ. ಈ ಆಟದಲ್ಲಿ ಅವಕ್ಕೆ ನಾಲ್ಕು ಕಾಲು, ಒಂದು ಸೊಂಡಿಲು.